ಏಳು ಶರ್ಟ್, ನಾಲ್ಕು ಪ್ಯಾಂಟ್: ಕೊಡಗಿನ ಬೇಸಿಗೆ ಸುತ್ತಾಟಕ್ಕೆ ನನ್ನ ಎರಡು ವಾರದ ಬಟ್ಟೆ ಲೆಕ್ಕ

ಗೊಬ್ಬರ ಮಾರಾಟದ ಕೆಲಸ ನನ್ನದು. ಸೋಮವಾರ ಕುಶಾಲನಗರ, ಆಮೇಲೆ ಸೋಮವಾರಪೇಟೆ, ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪ, ಶನಿವಾರ ಮಡಿಕೇರಿ. ಪ್ರತಿ ವಾರ ಇದೇ ದಾರಿ, ಅದೇ ಅಂಗಡಿಯವರು, ಅದೇ ತೋಟದ ಮಾಲೀಕರು. ಎರಡು ಬೇಸಿಗೆಯಿಂದ ಈ ಬಟ್ಟೆ ಲೆಕ್ಕವನ್ನೇ ಬಳಸುತ್ತಿದ್ದೇನೆ.

ಆರು ದಿನದ ಕೆಲಸಕ್ಕೆ ಆರು ಶರ್ಟ್ ಸಾಕು ಅನಿಸುತ್ತೆ ಅಲ್ವಾ? ಆದರೆ ಆರನ್ನು ಸಾಲಾಗಿ ಹಾಕಿದರೆ ಕುಶಾಲನಗರದವರು ಪ್ರತಿ ಸೋಮವಾರ ಒಂದೇ ಶರ್ಟ್ ನೋಡುತ್ತಾರೆ. ಏಳು ಇದ್ದರೆ ಈ ಸೋಮವಾರದ ಬಿಳಿ ಶರ್ಟ್ ಮುಂದಿನ ವಾರ ಮಂಗಳವಾರಕ್ಕೆ ಸರಿಯುತ್ತದೆ, ಸೋಮವಾರಕ್ಕೆ ಏಳನೆಯದು ಬರುತ್ತದೆ. ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. ಒಗೆದದ್ದನ್ನು ಸಾಲಿನ ಕೊನೆಗೆ ತೂಗುಹಾಕಿ, ಮುಂದಿನದನ್ನು ತೆಗೆದು ಹಾಕಿಕೊಂಡರಾಯಿತು. ಪ್ಯಾಂಟ್ ನಾಲ್ಕೇ ಸಾಕು. ಈ ಸೋಮವಾರ ಮೊದಲನೆಯದಾದರೆ ಮುಂದಿನ ಸೋಮವಾರ ಮೂರನೆಯದು, ಎರಡು ವಾರಕ್ಕೆ ಸುತ್ತು ಮುಗಿಯುತ್ತದೆ. ಯಾವ ಶರ್ಟಿಗೆ ಯಾವ ಪ್ಯಾಂಟ್ ಬಂದರೂ ಒಪ್ಪಬೇಕು. ಅದಕ್ಕೇ ನನ್ನವೆಲ್ಲ ಕಡುನೀಲಿ, ಕಡುಬೂದು, ಖಾಕಿ ಬಣ್ಣದವು.

ಬಣ್ಣದ ವಿಷಯದಲ್ಲಿ ನಾನು ಹಟಮಾರಿ. ತಿಳಿಬೂದು, ತಿಳಿನೀಲಿ ಶರ್ಟ್ ಬೇಡವೇ ಬೇಡ. ಮಾರ್ಚ್ ಮಧ್ಯಾಹ್ನ ಬೈಕಿನಿಂದ ಇಳಿದು ಅಂಗಡಿ ಒಳಗೆ ಹೋಗುವಷ್ಟರಲ್ಲಿ ಕಂಕುಳಲ್ಲಿ, ಬೆನ್ನ ಮೇಲೆ ಒದ್ದೆ ಕಲೆ ಎದ್ದು ಕಾಣುತ್ತದೆ. ಬಿಳಿ, ಕಡುನೀಲಿ, ಸಣ್ಣ ಚೌಕಳಿ ಇದ್ದರೆ ಅಷ್ಟಾಗಿ ಕಾಣುವುದಿಲ್ಲ. ಬಿಸಿಲು ಅಂತ ಬನಿಯನ್ ಬಿಡಬೇಡಿ. ತೆಳು ಹತ್ತಿ ಬನಿಯನ್ ಬೆವರನ್ನು ಮೊದಲು ಹೀರಿಕೊಳ್ಳುತ್ತದೆ.

ಶರ್ಟುಗಳು ಹತ್ತಿ-ಲಿನೆನ್ ಮಿಶ್ರಣದವು. ಬರೀ ಲಿನೆನ್ ಬೈಕಿನಲ್ಲಿ ಕೂತೊಡನೆ ಮುದುಡುತ್ತದೆ. ಪಾಲಿಯೆಸ್ಟರ್ ಜಾಸ್ತಿ ಇದ್ದರೆ ಮುದುಡುವುದಿಲ್ಲ, ಆದರೆ ಸಂಜೆಗೆ ವಾಸನೆ. ಲಾಡ್ಜಿನಲ್ಲಿ ಉಳಿದ ರಾತ್ರಿ ಶರ್ಟ್ ಒಗೆದು, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ, ಫ್ಯಾನ್ ಕೆಳಗೆ ಹಾಕುತ್ತೇನೆ. ಬೆಳಿಗ್ಗೆ ಇಸ್ತ್ರಿಗೆ ಸಿದ್ಧವಾಗಿರುತ್ತದೆ. ತೋಟದ ಕೆಂಪುಮಣ್ಣು ಪ್ಯಾಂಟಿನ ಅಂಚಿಗೆ ಮೆತ್ತಿದ್ದರೆ ಹಸಿಯಾಗಿದ್ದಾಗ ಉಜ್ಜಬಾರದು, ನೂಲಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗಲಿ, ಬ್ರಷ್ಷಿನಿಂದ ಕೊಡವಿ, ಆಮೇಲೆ ನೀರಿಗೆ ಹಾಕಿ.

ಬಿಳಿ ಶರ್ಟಿನ ಕಂಕುಳಿಗೆ ಹಳದಿ ಕಲೆ ಬರುವುದು ಬರೀ ಬೆವರಿನಿಂದಲ್ಲ. ಬೆವರು ತಡೆಯುವ ಡಿಯೋಡರೆಂಟ್‌ಗಳಲ್ಲಿರುವ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಆಗುವಂಥದ್ದು ಅದು. ಬ್ಲೀಚ್ ಹಾಕಿದರೆ ಇನ್ನೂ ಹೆಚ್ಚಾಗುತ್ತದೆ. ಡಿಯೋ ಹಚ್ಚಿದರೆ ಒಣಗಿದ ಮೇಲೆಯೇ ಬಟ್ಟೆ ಹಾಕಿ, ಸಂಜೆಯೇ ಶರ್ಟ್ ನೀರಿನಲ್ಲಿ ನೆನೆಸಿಡಿ.

ಕೊರತೆಯೂ ಇದೆ. ಶರ್ಟ್ ದಿನ ಸರಿಯುತ್ತಾ ಹೋಗುವುದರಿಂದ ಯಾವುದು ಬೇಕಾದರೂ ಕುಶಾಲನಗರದ ಸುಡುಬಿಸಿಲಿಗೆ ಬೀಳಬಹುದು. ಏಳೂ ತೆಳುವೇ ಇರಬೇಕು. ಮಡಿಕೇರಿ ಬೆಳಿಗ್ಗೆಗೆ ಬೇರೆ ಒಂದು ತೆಳು ಜಾಕೆಟ್ ಬೈಕಿನ ಚೀಲದಲ್ಲಿಡಬೇಕು, ಕಾಫಿ ಹೂ ಮಳೆ ಬಂದರೂ ಅದೇ ಗತಿ. ಜೂನ್ ನಂತರ ಈ ಲೆಕ್ಕ ನಡೆಯುವುದಿಲ್ಲ. ಆಗ ಫ್ಯಾನ್ ಕೆಳಗೂ ಬಟ್ಟೆ ಎರಡು ದಿನ ಒಣಗುವುದಿಲ್ಲ.