ಎರಡೂ ‘ಒಂದೂವರೆ ಟನ್’ ಎಸಿ, ಒಂದೇ ಕಲಬುರಗಿ ಬಿಸಿಲು: ಟನ್, ಕಿಲೋವ್ಯಾಟ್, ಸಿಒಪಿ ಹಿಡಿದು ಮಾಡಿದ ಹೋಲಿಕೆ

ನಮ್ಮ ಮನೆ ಸೇಡಂ ರಸ್ತೆಯ ಕಡೆ ಇದೆ. ಮೇಲಿನ ಮಹಡಿಯಲ್ಲಿ ಅಕ್ಕಪಕ್ಕ ಎರಡು ಮಲಗುವ ಕೋಣೆ, ಎರಡೂ 12 ಅಡಿ ಅಗಲ, 14 ಅಡಿ ಉದ್ದ. ಮೇಲೆ ನೇರ ಆರ್‌ಸಿಸಿ ಛಾವಣಿ. ಒಂದು ಕೋಣೆಯಲ್ಲಿ ಮೂರು ಸ್ಟಾರ್ ಎಸಿ, ಇನ್ನೊಂದರಲ್ಲಿ ಐದು ಸ್ಟಾರ್. ಎರಡೂ ಇನ್ವರ್ಟರ್ ಸ್ಪ್ಲಿಟ್, ಎರಡರ ಡಬ್ಬದ ಮೇಲೂ 1.5 ಟನ್ ಅಂತ ದಪ್ಪ ಅಕ್ಷರ. ಬೆಲೆಯಲ್ಲಿ ಮಾತ್ರ 8,000 ರೂಪಾಯಿ ವ್ಯತ್ಯಾಸ. “ಎರಡೂ ಒಂದೂವರೆ ಟನ್ನೇ ಅದಾವ್ರಿ ಸರ್, ತಂಪು ಎರಡೂ ಅಷ್ಟೇ ಕೊಡ್ತಾವ. ಸ್ಟಾರ್ ಬರೇ ಕರೆಂಟಿಗೆ” ಅಂದಿದ್ದರು ಅಂಗಡಿಯವರು. ಒಂದು ಬೇಸಿಗೆ ಪೂರ್ತಿ ಎರಡನ್ನೂ ಪ್ಲಗ್ ಮೀಟರ್ ಹಾಕಿ ನೋಡಿದ ಮೇಲೆ ಹೇಳುತ್ತೇನೆ, ಆ ಮಾತು ಅರ್ಧ ಮಾತ್ರ ನಿಜ.

ಟನ್‌ನಿಂದಲೇ ಶುರು ಮಾಡೋಣ. ಇದು ಮೆಷಿನ್‌ನ ತೂಕ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಯಂತ್ರಗಳು ಬರುವ ಮುಂಚೆ ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದರು. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಆ ವೇಗವೇ ಒಂದು ಟನ್. ಇವತ್ತಿನ ಲೆಕ್ಕದಲ್ಲಿ ಅದು ಗಂಟೆಗೆ 12,000 ಬಿಟಿಯು, ಅಥವಾ 3,517 ವ್ಯಾಟ್. ಹಾಗಾದರೆ ಒಂದೂವರೆ ಟನ್ ಅಂದರೆ 5,275 ವ್ಯಾಟ್ ಬರಬೇಕು ಅಲ್ವಾ?

ಈಗ ಎಸಿ ಮೇಲೆ ಅಂಟಿಸಿರುವ ಸ್ಟಾರ್ ಲೇಬಲ್ ನೋಡಿ. ಅದರಲ್ಲಿ ಪೂರ್ಣ ಸಾಮರ್ಥ್ಯ, ಅಂದರೆ 100 ಶೇಕಡಾ ಓಡುವಾಗಿನ ತಂಪು, ವ್ಯಾಟ್‌ನಲ್ಲಿ ಇರುತ್ತದೆ. ನಮ್ಮ ಮೂರು ಸ್ಟಾರ್‌ನಲ್ಲಿ 4,700. ಐದು ಸ್ಟಾರ್‌ನಲ್ಲಿ 5,000. 3,517ರಿಂದ ಭಾಗಿಸಿದರೆ ಮೊದಲನೆಯದು 1.34 ಟನ್, ಎರಡನೆಯದು 1.42 ಟನ್. ಒಂದೂ ಒಂದೂವರೆ ಮುಟ್ಟುವುದಿಲ್ಲ. ಒಂದೂವರೆ ಟನ್ ಅನ್ನುವುದು ಅಂಗಡಿಯಲ್ಲಿ ಒಂದು ಸೈಜಿನ ಹೆಸರು ಅಷ್ಟೇ. ಅದೇ ಹೆಸರಿನಲ್ಲಿ 5,200 ವ್ಯಾಟ್‌ನವೂ ಸಿಗುತ್ತವೆ. ಅದಕ್ಕೇ ಟನ್ ಬಿಟ್ಟು ವ್ಯಾಟ್ ಓದಿ ಅನ್ನುತ್ತೇನೆ. ಈ 300 ವ್ಯಾಟ್ ವ್ಯತ್ಯಾಸ ಫೆಬ್ರುವರಿಯಲ್ಲಿ ಗೊತ್ತೇ ಆಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಗೊತ್ತಾಗುತ್ತದೆ.

ಗೊಂದಲ ಆಗುವುದು ಇಲ್ಲೇ. ಎಸಿಗೆ ಎರಡು ಕಿಲೋವ್ಯಾಟ್ ಇವೆ. ಒಂದು, ಕೋಣೆಯಿಂದ ಹೊರಗೆ ಸಾಗಿಸುವ ಶಾಖ. ಇನ್ನೊಂದು, ಆ ಕೆಲಸಕ್ಕೆ ಗೋಡೆಯ ಪ್ಲಗ್‌ನಿಂದ ಎಳೆಯುವ ಕರೆಂಟು. ನಮ್ಮ ಐದು ಸ್ಟಾರ್‌ನ ಪಕ್ಕದಲ್ಲಿರುವ ನೇಮ್‌ಪ್ಲೇಟ್‌ನಲ್ಲಿ ರೇಟೆಡ್ ಇನ್‌ಪುಟ್ 1,360 ವ್ಯಾಟ್. 5,000ವನ್ನು 1,360ರಿಂದ ಭಾಗಿಸಿದರೆ 3.68. ಇದೇ ಸಿಒಪಿ. ಮೂರು ಸ್ಟಾರ್‌ನಲ್ಲಿ 4,700ಕ್ಕೆ 1,500, ಅಂದರೆ 3.13. ಭಾಗಿಸುವಾಗ ಒಂದು ಎಚ್ಚರಿಕೆ ಇರಲಿ. ಅದೇ ಪ್ಲೇಟಿನಲ್ಲಿ ಮ್ಯಾಕ್ಸಿಮಮ್ ಇನ್‌ಪುಟ್ ಅಂತ ಇನ್ನೊಂದು ದೊಡ್ಡ ಅಂಕಿ ಇರುತ್ತದೆ. ಅದು ವೈರು, ಎಂಸಿಬಿ ಆರಿಸಲು. ಅದರಿಂದ ಭಾಗಿಸಿದರೆ ಒಳ್ಳೆಯ ಮೆಷಿನ್ ಕೂಡ ದಂಡ ಅಂತ ಕಾಣುತ್ತದೆ.

ಒಂದು ಕೊಟ್ಟರೆ ಮೂರೂವರೆ ಬರುವುದು ಹೇಗೆ ಅಂತ ನಮ್ಮಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಎಸಿ ತಂಪನ್ನು ತಯಾರು ಮಾಡುವುದಿಲ್ಲ, ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ನಮ್ಮೂರ ಗಂಜಿನಲ್ಲಿ ಹಮಾಲರು ತೊಗರಿ ಚೀಲ ಹೊರುತ್ತಾರಲ್ಲ, ಹಾಗೆ. ಹಮಾಲಿ ಕೊಡುವುದು ಹೊರುವುದಕ್ಕೆ, ತೊಗರಿಯ ಬೆಲೆ ಅದರಲ್ಲಿ ಸೇರುವುದಿಲ್ಲ. ಆದರೆ ಅದೇ ಚೀಲವನ್ನು ಎರಡನೇ ಮಹಡಿಗೆ ಏರಿಸಿ ಅಂದರೆ ಹಮಾಲಿ ಜಾಸ್ತಿ ಆಗುತ್ತದೆ. ಹೊರಗಿನ ಬಿಸಿಯೇ ಆ ಮಹಡಿ. ಹೊರಗಿನ ಯೂನಿಟ್ ಶಾಖ ಬಿಡಬೇಕಾದರೆ ಅದರ ಕಾಯಿಲ್ ಹೊರಗಾಳಿಗಿಂತ ಬಿಸಿ ಇರಲೇಬೇಕು. ಹೊರಗೆ ಬಿಸಿ ಏರಿದಷ್ಟೂ ಕಂಪ್ರೆಸರ್ ಹೆಚ್ಚು ಒತ್ತಡಕ್ಕೆ ಗ್ಯಾಸನ್ನು ಒತ್ತಬೇಕು. ಕರೆಂಟು ಏರುತ್ತದೆ, ಸಾಗುವ ಶಾಖ ಇಳಿಯುತ್ತದೆ. ಸಿಒಪಿ ಎರಡೂ ಕಡೆಯಿಂದ ಕುಸಿಯುತ್ತದೆ.

ನೇಮ್‌ಪ್ಲೇಟಿನ ಅಂಕಿಗಳು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಪರೀಕ್ಷೆ ಮಾಡಿದವು. ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ 35 ಎಲ್ಲಿರುತ್ತದೆ? 42, 43 ನಮಗೆ ಮಾಮೂಲು. ಐದು ಸ್ಟಾರ್ ಕಂಪನಿಯವರು ಡೇಟಾ ಶೀಟ್‌ನಲ್ಲಿ 46 ಡಿಗ್ರಿಯ ಅಂಕಿಯನ್ನೂ ಕೊಟ್ಟಿದ್ದರು: ತಂಪು 4,400 ವ್ಯಾಟ್, ಕರೆಂಟು 1,650. ಸಿಒಪಿ 2.67ಕ್ಕೆ ಇಳಿಯಿತು. ಟನ್ ಲೆಕ್ಕದಲ್ಲಿ ಅದು 1.25. ಮೂರು ಸ್ಟಾರ್‌ನ ಕಾಗದದಲ್ಲಿ ‘52 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ’ ಅಂತ ಇತ್ತು, 46ರಲ್ಲಿ ಎಷ್ಟು ವ್ಯಾಟ್ ತಂಪು ಅನ್ನುವುದು ಇರಲಿಲ್ಲ. 52ರಲ್ಲಿ ನಿಲ್ಲದೆ ಓಡುತ್ತದೆ ಅನ್ನುವುದು ಬೇರೆ, ಎಷ್ಟು ತಂಪು ಕೊಡುತ್ತದೆ ಅನ್ನುವುದು ಬೇರೆ. ಅಂಗಡಿಯಲ್ಲಿ ಎರಡನೆಯದನ್ನೇ ಕೇಳಬೇಕು.

ಇನ್ನು ನಮ್ಮ ಮೀಟರ್ ಹೇಳಿದ್ದು. ಹೊರಗೆ 43 ಡಿಗ್ರಿ, ಎರಡೂ ರಿಮೋಟ್ 26ಕ್ಕೆ. ಮೂರು ಸ್ಟಾರ್ 1,720 ವ್ಯಾಟ್ ಎಳೆಯುತ್ತಾ ಕೂತಿತು. ಎರಡು ಗಂಟೆ ಆದರೂ ಕೋಣೆ 28ಕ್ಕಿಂತ ಕೆಳಗೆ ಬರಲಿಲ್ಲ, ಮೀಟರಿನ ಅಂಕಿಯೂ ಇಳಿಯಲಿಲ್ಲ. ಇನ್ವರ್ಟರ್ ಎಸಿ ತನ್ನ ಶಕ್ತಿ ಮೀರಿ ದುಡಿಯುತ್ತಿದೆ ಅನ್ನುವುದಕ್ಕೆ ಇದೇ ಗುರುತು. ಸೆಟ್ ಮಾಡಿದ ತಂಪು ಸಿಕ್ಕಿದರೆ ಅದು ವೇಗ ಇಳಿಸಲೇಬೇಕು. ಐದು ಸ್ಟಾರ್ 1,550ರಿಂದ ಶುರುವಾಗಿ, ಒಂದೂವರೆ ಗಂಟೆಯ ಹೊತ್ತಿಗೆ 26 ಮುಟ್ಟಿ, 1,200ರ ಹತ್ತಿರ ಬಂದು ನಿಂತಿತು. ಇದರ ಕೋಣೆಗೇ ಪಡುವಣದ ಗೋಡೆ ಇರುವುದು, ಬಿಸಿಲಿನ ಹೊರೆ ಇದಕ್ಕೇ ಜಾಸ್ತಿ. ಆದರೂ ಗೆದ್ದಿತು. ‘ತಂಪು ಎರಡೂ ಅಷ್ಟೇ’ ಅನ್ನುವ ಮಾತು ಇಲ್ಲಿ ಬಿದ್ದು ಹೋಯಿತು.

ರಾತ್ರಿಯ ಕಥೆ ಬೇರೆ. ಹತ್ತರಿಂದ ಬೆಳಗಿನ ಆರರವರೆಗೆ ಎರಡೂ ಕೋಣೆ 26ರಲ್ಲಿ ಹಾಯಾಗಿದ್ದವು. ತಂಪಿನಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಮೂರು ಸ್ಟಾರ್ ಸುಮಾರು 7 ಯೂನಿಟ್ ತಿಂದರೆ, ಐದು ಸ್ಟಾರ್ 5.3. ಇದನ್ನು ಪೂರ್ಣ ಸಿಒಪಿ, ಅಂದರೆ 100 ಶೇಕಡಾ ಓಡುವಾಗಿನ ಸಿಒಪಿ, ವಿವರಿಸುವುದಿಲ್ಲ. 3.13ಕ್ಕೂ 3.68ಕ್ಕೂ ಅಷ್ಟು ಅಂತರ ಇಲ್ಲ. ಇಲ್ಲಿ ಬೇಕಾಗುವುದು ಲೇಬಲ್‌ನ ದೊಡ್ಡ ಅಂಕಿ, ಐಎಸ್‌ಇಇಆರ್. ನಮ್ಮವುಗಳಲ್ಲಿ ಅದು 3.9 ಮತ್ತು 5.1.

5.1 ಹೇಗೆ 3.68ನ್ನು ಮೀರಿತು? ರಾತ್ರಿ ಕಂಪ್ರೆಸರ್ ಅರ್ಧ ವೇಗದಲ್ಲಿ ಓಡುತ್ತದೆ. ಕಾಯಿಲ್ ಮಾತ್ರ ಅಷ್ಟೇ ದೊಡ್ಡದು. ಕಡಿಮೆ ಶಾಖಕ್ಕೆ ದೊಡ್ಡ ಕಾಯಿಲ್ ಸಿಕ್ಕಿದರೆ ಅದು ಹೊರಗಾಳಿಗಿಂತ ತುಸುವೇ ಬಿಸಿಯಾದರೂ ಸಾಕು, ಹಾಗಾಗಿ ಒತ್ತಡ ಕಡಿಮೆ, ಸಿಒಪಿ ಜಾಸ್ತಿ. ಐಎಸ್‌ಇಇಆರ್ ಹೊರಗೆ 24ರಿಂದ 43 ಡಿಗ್ರಿಯವರೆಗಿನ ವರ್ಷದ 1,600 ಗಂಟೆಗಳನ್ನು ಒಟ್ಟು ಹಿಡಿದು, ಒಟ್ಟು ತಂಪನ್ನು ಒಟ್ಟು ಕರೆಂಟಿನಿಂದ ಭಾಗಿಸಿದ ಅಂಕಿ. ಅದರಲ್ಲಿ ತಂಪಾದ ಗಂಟೆಗಳೇ ಹೆಚ್ಚು. ಅದಕ್ಕೇ ಒಂದು ಎಸಿಯ ಐಎಸ್‌ಇಇಆರ್ ಹಿಡಿದು ಇನ್ನೊಂದರ ಸಿಒಪಿ ಜೊತೆ ತೂಗಿದರೆ ಲೆಕ್ಕ ಪೂರ್ತಿ ಹಾಳು. ಸ್ಟಾರ್ ಎಣಿಸುವುದರಲ್ಲೂ ಇದೇ ತೊಂದರೆ. ಸ್ಪ್ಲಿಟ್ ಎಸಿಗೆ ಐದು ಸ್ಟಾರ್ ಸಿಗಲು ಮೊದಲು 4.5 ಸಾಕಿತ್ತು, 2022ರ ಜುಲೈನಿಂದ 5.0 ಬೇಕಾಯಿತು. ಅದಕ್ಕೂ ಹಳೇ ಸ್ಟಾಕಿನ ಐದು ಸ್ಟಾರ್ 2022ರ ಪಟ್ಟಿಯಲ್ಲಿ ನಾಲ್ಕು ಆಗಬಹುದು. ಲೇಬಲ್‌ನ ಮೇಲಿನ ವರ್ಷವನ್ನೂ ನೋಡಿ.

ಈ ಅಂಕಿಗಳನ್ನು ಕೆಡಿಸುವ ಒಂದು ವಿಷಯ ಹೇಳಲೇಬೇಕು. ಅಳವಡಿಸಲು ಬಂದವರು ಎರಡೂ ಹೊರಗಿನ ಯೂನಿಟ್‌ಗಳನ್ನು ಇಕ್ಕಟ್ಟಾದ ಸಂದಿಯಲ್ಲಿ ಎದುರುಬದುರು ಕೂರಿಸಿ ಹೋಗಿದ್ದರು. ಐದು ಸ್ಟಾರ್ ಓಡುವಾಗ ಹೊರಗೆ ಬಿಡುವ ಶಾಖ 5,000 ಅಲ್ಲ, ಅದು ಎಳೆಯುವ 1,360 ಕೂಡ ಸೇರಿ 6,360 ವ್ಯಾಟ್. ಒಂದರ ಬಿಸಿಗಾಳಿಯನ್ನೇ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಯೂನಿಟ್‌ನ ಹಿಂಬದಿ, ಗಾಳಿ ಒಳಗೆ ಹೋಗುವ ಜಾಗದಲ್ಲಿ ಥರ್ಮಾಮೀಟರ್ ಇಟ್ಟರೆ 48 ತೋರಿಸಿತು. ಛಾವಣಿಯ ನೆರಳಿನಲ್ಲಿ ಆಗ 42 ಇತ್ತು. ಎಸಿಯ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಅವತ್ತು 48 ಡಿಗ್ರಿ ಬಿಸಿಲು! ಒಂದನ್ನು ಉತ್ತರದ ಗೋಡೆಗೆ ಸರಿಸಿದೆವು. ಪೈಪಿನ ಖರ್ಚು ಬಂತು, ಆದರೆ ಎರಡೂ ಕಡೆ ಒಳಹೋಗುವ ಗಾಳಿ ಹೊರಗಿನ ಮಟ್ಟಕ್ಕೇ ಬಂತು. ಮೇಲೆ ಕೊಟ್ಟ ಅಂಕಿಗಳೆಲ್ಲ ಆಮೇಲಿನವು.

ದುಡ್ಡಿನ ಲೆಕ್ಕಕ್ಕೆ ಬರೋಣ. ಲೇಬಲ್ ಪ್ರಕಾರ ವರ್ಷಕ್ಕೆ ಮೂರು ಸ್ಟಾರ್ 922 ಯೂನಿಟ್, ಐದು ಸ್ಟಾರ್ 750. ಉಳಿತಾಯ 172. ನಮ್ಮ ಮೀಟರಿನಲ್ಲಿ ದಿನಕ್ಕೆ ರಾತ್ರಿ 1.7, ಮಧ್ಯಾಹ್ನ ನಾಲ್ಕು ಗಂಟೆಗೆ ಇನ್ನೊಂದು ಯೂನಿಟ್ ಉಳಿಯಿತು. ಸೀಸನ್‌ಗೆ 100 ದಿನ ಹಿಡಿದರೆ 270. ಯೂನಿಟ್‌ಗೆ 7 ರೂಪಾಯಿ ಇಟ್ಟರೆ 1,890 ರೂಪಾಯಿ. ಆ 8,000 ವಾಪಸ್ ಬರಲು ನಾಲ್ಕು ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಗೃಹಜ್ಯೋತಿಯಲ್ಲಿರುವವರು ಇನ್ನೊಂದು ನೋಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ರಾತ್ರಿ ಮಾತ್ರ ಹಾಕಿದರೂ ಮೂರು ಸ್ಟಾರ್ ಒಂದೇ ತಿಂಗಳಿಗೆ 210 ತಿಂದು ಬಿಡುತ್ತದೆ. ಐದು ಸ್ಟಾರ್ 160ಕ್ಕೆ ನಿಲ್ಲುತ್ತದೆ, ಆದರೆ ಫ್ರಿಜ್, ಫ್ಯಾನ್ ಸೇರಿದರೆ ಅದೂ 200ರ ಒಳಗೆ ಉಳಿಯುವುದು ಕಷ್ಟ.

ಮೇಲಿನ ಮಹಡಿ, ಮಧ್ಯಾಹ್ನವೂ ಎಸಿ ಬೇಕು ಅನ್ನುವವರಿಗೆ ನನ್ನ ಆಯ್ಕೆ ಸ್ಪಷ್ಟ: ಮೊದಲು 100 ಶೇಕಡಾ ತಂಪು 5,000 ವ್ಯಾಟ್ ದಾಟಿದ್ದು, ಆಮೇಲೆ 46 ಡಿಗ್ರಿಯ ಅಂಕಿ ಕೊಟ್ಟದ್ದು, ಸ್ಟಾರ್ ಕೊನೆಗೆ. ಯಾದಗಿರಿಯಲ್ಲಿರುವ ತಂಗಿಯ ಮನೆ ಕೆಳಮಹಡಿ, 10 ಅಡಿಗೆ 10 ಅಡಿ ಕೋಣೆ, ರಾತ್ರಿ ಮಾತ್ರ ಬಳಕೆ. ಅವಳಿಗೆ 3,400 ವ್ಯಾಟ್‌ನದು ಸಾಕು ಅಂದೆ. ಅಲ್ಲಿ ಪೂರ್ಣ ಸಿಒಪಿ ನೋಡುವ ಕೆಲಸವೇ ಇಲ್ಲ, ಐಎಸ್‌ಇಇಆರ್ ಐದರ ಮೇಲಿದ್ದರೆ ಆಯಿತು. ಹೊರಗಿನ ಯೂನಿಟ್ ಮಾತ್ರ ಹಿತ್ತಲಿನ ತೆರೆದ ಗೋಡೆಗೇ ಹಾಕಿಸು, ಸಂದಿಗೆ ಬೇಡ ಅಂತ ಹೇಳಿದ್ದೇನೆ.