ಪ್ರೆಶರ್ ಗೇಜ್ ಮೇಲಿನ 'ಮುಂದಿನ ಜೂನ್' ಸ್ಟಿಕ್ಕರ್ ನಂಬಿ ಕೂರಬೇಡಿ

ವಾಲ್ವ್ ಸೋರಿಕೆ ಪರೀಕ್ಷೆಗೆ ಡಿಜಿಟಲ್ ಪ್ರೆಶರ್ ಗೇಜ್ ಬಳಸುವವರಿಗೆ ಈ ಎಚ್ಚರಿಕೆ. ಒಂದು ಘಟಕದಲ್ಲಿ ಪರೀಕ್ಷೆಯ ಒತ್ತಡ 10 ಬಾರ್, ಗೇಜಿಗೆ ಇಟ್ಟುಕೊಂಡ ಮಿತಿ ±0.050 ಬಾರ್. ಪ್ರತಿ ಜೂನ್‌ನಲ್ಲಿ ತಪ್ಪದೆ ಕ್ಯಾಲಿಬ್ರೇಷನ್ ಆಗಿ, ಮುಂದಿನದು 'ಮುಂದಿನ ಜೂನ್' ಎಂಬ ಸ್ಟಿಕ್ಕರ್ ಬೀಳುತ್ತಿತ್ತು. 10 ಬಾರ್‌ನಲ್ಲಿ ಗೇಜ್ 2021ರಲ್ಲಿ 0.012 ಹೆಚ್ಚು ತೋರಿಸಿತು, 2022ರಲ್ಲಿ 0.026, 2023ರಲ್ಲಿ 0.041. ಮೂರು ಸಲವೂ 'ಮಿತಿಯೊಳಗಿದೆ' ಎಂದು ಸರ್ಟಿಫಿಕೇಟ್ ಫೈಲ್ ಸೇರಿತು. 2024ರಲ್ಲಿ 0.057.

ಗೇಜ್ ಹೆಚ್ಚು ತೋರಿಸಿತೆಂದರೆ ವಾಲ್ವ್‌ಗೆ ಸಿಕ್ಕ ಒತ್ತಡ ಕಡಿಮೆ. ಮಿತಿ ಯಾವ ದಿನ ದಾಟಿತೆಂದು ಹೇಳಲು ದಾಖಲೆಯಿಲ್ಲ. ಹಾಗಾಗಿ 2023ರ ಜೂನ್ ನಂತರ ಪರೀಕ್ಷಿಸಿದ ಪ್ರತಿಯೊಂದು ಬ್ಯಾಚೂ ಅನುಮಾನಕ್ಕೆ ಬಿತ್ತು, ಗ್ರಾಹಕರಿಗೆ ಹೋಗಿದ್ದೂ ಸೇರಿ.

2023ರ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಇದು ಕಾಣಬೇಕಿತ್ತು. ವರ್ಷಕ್ಕೆ ಸುಮಾರು 0.015 ಬಾರ್ ಸರಿಯುತ್ತಿದೆ. ಲ್ಯಾಬಿನ ಅಳತೆಯ ಅನಿಶ್ಚಿತತೆ 0.008, ಅದನ್ನು ಮಿತಿಯಿಂದ ಕಳೆದರೆ ಉಳಿಯುವುದು 0.042. ಗೇಜ್ ಆಗಲೇ 0.041ರಲ್ಲಿದೆ. ಮಿಕ್ಕ ಜಾಗ 0.001, ಅಂದರೆ ಒಂದು ತಿಂಗಳೂ ಇಲ್ಲ. ಅಂಥ ಗೇಜಿಗೆ ಹನ್ನೆರಡು ತಿಂಗಳ ಸ್ಟಿಕ್ಕರ್! ಅಂದೇ ಅಡ್ಜಸ್ಟ್ ಮಾಡಿಸಿ 0.002ಕ್ಕೆ ತಂದಿದ್ದರೆ ಇದೇ ಲೆಕ್ಕದಲ್ಲಿ ಎರಡೂವರೆ ವರ್ಷ ಸಿಗುತ್ತಿತ್ತು. ಅಷ್ಟನ್ನೂ ಒಮ್ಮೆಗೇ ಬಳಸಬಾರದು: ಅಡ್ಜಸ್ಟ್ ಆದ ಮೇಲೆ ಸರಿಯುವ ವೇಗ ಬದಲಾಗಬಹುದು. ಮೊದಲು ಹನ್ನೆರಡು ತಿಂಗಳಿಗೆ ನೋಡಿ, ವೇಗ ಅದೇ ಇದ್ದರೆ ಹದಿನೆಂಟಕ್ಕೆ ಏರಿಸಿ.

ಮುಂದಿನ ಕ್ಯಾಲಿಬ್ರೇಷನ್ ದಿನಾಂಕವನ್ನು ಲ್ಯಾಬ್ ತೀರ್ಮಾನಿಸುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಗ್ರಾಹಕರೊಂದಿಗೆ ಒಪ್ಪಂದವಾಗದಿದ್ದರೆ ಸರ್ಟಿಫಿಕೇಟ್‌ನಲ್ಲಿ ಅವಧಿಯ ಶಿಫಾರಸು ಇರಬಾರದು ಎಂದೇ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ ISO/IEC 17025:2017 ಹೇಳುತ್ತದೆ. ಗೇಜ್ ಎಷ್ಟು ಬಳಕೆಯಾಗುತ್ತದೆ, ಎಷ್ಟು ಮಿತಿ ಸಾಕು ಎಂಬುದು ಬಳಸುವವರಿಗೇ ಗೊತ್ತು.

ಈ ಲೆಕ್ಕ ಕೆಡುವ ಜಾಗ ಒಂದಿದೆ. ಕೆಲವು ಕಡೆ ಗೇಜ್ ಬಂದ ಕೂಡಲೇ ಸರಿಪಡಿಸಿ, ಆಮೇಲಿನ ಓದನ್ನು ಮಾತ್ರ ಬರೆದು ಕಳಿಸುತ್ತಾರೆ. ಆಗ ವರ್ಷ ವರ್ಷವೂ 0.001, 0.002 ಎಂದು ಚೆಂದದ ಅಂಕಿಗಳೇ ಕಾಣುತ್ತವೆ, ಗೇಜ್ ಸರಿದದ್ದು, ಅಂದರೆ ಡ್ರಿಫ್ಟ್, ಅಳಿಸಿಹೋಗಿರುತ್ತದೆ. ಆರ್ಡರ್‌ನಲ್ಲೇ 'ಆ್ಯಸ್ ಫೌಂಡ್, ಆ್ಯಸ್ ಲೆಫ್ಟ್ ಎರಡೂ ಬೇಕು' ಎಂದು ಬರೆಯಿರಿ: ಸರಿಪಡಿಸುವ ಮೊದಲಿನ ಓದು, ಸರಿಪಡಿಸಿದ ನಂತರದ ಓದು. ಕಳೆದ ಸಲದ ಆ್ಯಸ್ ಲೆಫ್ಟ್‌ನಿಂದ ಈ ಸಲದ ಆ್ಯಸ್ ಫೌಂಡ್‌ವರೆಗಿನ ವ್ಯತ್ಯಾಸವೇ ಡ್ರಿಫ್ಟ್.

ಇನ್ನೊಂದು ಗೇಜಿನ ಓದು 0.003, 0.004, ಆಮೇಲೆ ಏಕಾಏಕಿ 0.031 ಎಂದಿದ್ದರೆ ಅದಕ್ಕೆ ಸರಾಸರಿ ತೆಗೆಯಬೇಡಿ. ಅದು ನಿಧಾನವಾಗಿ ಸರಿದದ್ದಲ್ಲ. ಬಿದ್ದಿರಬೇಕು, ಇಲ್ಲವೇ ಮಿತಿಮೀರಿದ ಒತ್ತಡ ತಿಂದಿರಬೇಕು. ಅವಧಿಯನ್ನು ಆರು ತಿಂಗಳಿಗೆ ಇಳಿಸಿದರೂ ಪೆಟ್ಟು ಬೀಳುವುದು ಎರಡನೇ ವಾರದಲ್ಲೇ ಆಗಬಹುದು. ಅಂಥದ್ದಕ್ಕೆ ಪ್ರತಿ ಸೋಮವಾರ ಮಾಸ್ಟರ್ ಗೇಜ್ ಜೊತೆ 10 ಬಾರ್‌ನಲ್ಲಿ ಹೋಲಿಸಿ, ವ್ಯತ್ಯಾಸವನ್ನು ದಿನಾಂಕ ಸಮೇತ ಬರೆದಿಡಿ. ಆಗ ಅನುಮಾನಕ್ಕೆ ಬೀಳುವ ಮಾಲು ಒಂದು ವಾರದ್ದಷ್ಟೇ.