ಸಂಪಲ್ಲಿ ಸುಳಿ ನಿಲ್ಲಿಸೋಕೆ ಹಲಗೆನಾ, ದೊಡ್ಡ ಫುಟ್‌ವಾಲ್ವಾ, ಅಡ್ಡಗೋಡೆನಾ? ಮೂರೂ ಮಾಡಿ ನೋಡಿದ್ದು

ಮೂಡಿಗೆರೆ ಕಡೆ ನಮ್ದು ರೋಬಸ್ಟಾ ತೋಟ. ಫೆಬ್ರವರಿ ಕೊನೇಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೀಲೇಬೇಕು, ಕೆರೆಯಿಂದ ಪೈಪಲ್ಲಿ ಸಂಪಿಗೆ ನೀರು ಬೀಳುತ್ತೆ, ಅಲ್ಲಿಂದ 4 ಇಂಚು ಸಕ್ಷನ್ನು ಸೆಕೆಂಡಿಗೆ ಹೆಚ್ಚುಕಮ್ಮಿ 15 ಲೀಟರ್ ಎಳೆಯುತ್ತೆ. ಸಕ್ಷನ್ ಪೈಪಿನ ತುದೀಲಿರೋ ಫುಟ್‌ವಾಲ್ವ್ ಮೇಲೆ ನೀರು ಒಂದೂವರೆ ಅಡಿಗೆ ಇಳೀತು ಅಂದ್ರೆ ಪಂಪೊಳಗೆ ಜಲ್ಲಿ ಕುಲುಕಿದ ಹಾಗೆ ಶಬ್ದ, ಗೇಜ್ ಮುಳ್ಳು ಕುಣಿಯುತ್ತೆ, ತುದಿ ಸ್ಪ್ರಿಂಕ್ಲರ್ ತಿರುಗೋದೇ ಇಲ್ಲ.

ಮೊದ್ಲು ಜಾಯಿಂಟಲ್ಲಿ ಗಾಳಿ ಎಳೀತಿದೆ ಅಂತ ಗ್ಲ್ಯಾಂಡ್ ದಾರ ಬದಲಾಯಿಸಿದ್ವಿ, ಏನೂ ಆಗ್ಲಿಲ್ಲ. ಜಾಯಿಂಟ್ ಲೀಕ್ ಆಗಿದ್ರೆ ಸಂಪ್ ತುಂಬಿದ್ದಾಗ್ಲೂ ಶಬ್ದ ಇರ್ಬೇಕಿತ್ತು, ನಮ್ದು ನೀರು ಇಳಿದಾಗ ಮಾತ್ರ. ಆಮೇಲೆ ಪಂಪ್ ಓಡ್ತಿರೋವಾಗ್ಲೇ ಕೆರೆ ಪೈಪಿನ ವಾಲ್ವ್ ಎರಡು ನಿಮಿಷ ಮುಚ್ಚಿ ನೋಡ್ದೆ, ಶಬ್ದ ಅರ್ಧ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಅಂದ್ರೆ ಅರ್ಧ ಗಾಳಿ ಮೇಲಿಂದ ಬೀಳೋ ನೀರಿನ ಗುಳ್ಳೆದು, ಉಳಿದಿದ್ದು ಸುಳಿದು. ಒಣ ಎಲೆ ಬಿಟ್ಟೆ, ಸಕ್ಷನ್ ಪೈಪ್ ಸುತ್ತ ಗಿರಗಿರ ತಿರುಗಿ ಒಳಗೇ ಹೋಯ್ತು.

ಹಲಗೆ ಅಗ್ಗ. ಪೈಪಿನ ಸುತ್ತ ಸಿಲ್ವರ್ ಓಕ್ ಹಲಗೆ ಕಟ್ಟಿ ತೇಲಿಬಿಟ್ರೆ ಸುಳಿ ಬಾಯಿ ಬಿಡೋಕೆ ಜಾಗ ಸಿಗಲ್ಲ, ಅವತ್ತೇ ವ್ಯತ್ಯಾಸ ಕಾಣ್ತು. ಆದ್ರೆ ಗುಳ್ಳೆ ಹಾಗೇ ಇತ್ತು, ಹಲಗೆ ಗಾಳಿಗೆ ಪಕ್ಕಕ್ಕೆ ಸರಿದ್ರೆ ಸುಳಿ ವಾಪಸ್.

ದೊಡ್ಡ ಫುಟ್‌ವಾಲ್ವ್ ನಂಗೆ ಜಾಸ್ತಿ ಇಷ್ಟ ಆಯ್ತು. ಲೆಕ್ಕ ಹೀಗೆ, ಬಾಯಿಯ ಮೇಲೆ ಬೇಕಾದ ಆಳ `S = D(1 + 2.3 Fr)`, ಅಲ್ಲಿ `Fr = V/√(gD)`. D ಅಂದ್ರೆ ಬಾಯಿಯ ಅಗಲ ಮೀಟರಲ್ಲಿ, V ಬಾಯಲ್ಲಿ ನೀರಿನ ವೇಗ, g ಗುರುತ್ವದ 9.81. ಇದು ಗಂಟೆ ಥರ ಅಗಲವಾಗೋ ಬೆಲ್‌ಮೌತ್ ಬಾಯಿಗೆ ಮಾಡಿದ ಸೂತ್ರ, ಅದಕ್ಕೇ ನಾನು ಫುಟ್‌ವಾಲ್ವ್ ಜಾಲರಿಯ ಮೇಲಿನ ತೂತಿಂದ ಅಳೆದೆ. 4 ಇಂಚು ಬಾಯಿಗೆ ನೀರಿನ ವೇಗ ಸೆಕೆಂಡಿಗೆ 1.9 ಮೀಟರ್, ಬೇಕಾದ ಆಳ 54 ಸೆಂಟಿಮೀಟರ್. ರೆಡ್ಯೂಸರ್ ಹಾಕಿ 6 ಇಂಚು ಕೂರಿಸಿದ್ರೆ ವೇಗ 0.85ಕ್ಕೆ ಇಳಿಯುತ್ತೆ, 39 ಸೆಂಟಿಮೀಟರ್ ಸಾಕು. ಅರ್ಧ ಅಡಿ ನೀರು ಉಳೀತು! 8 ಇಂಚಿಗೆ ಹೋದ್ರೂ 36 ಬೇಕು, ಅಷ್ಟು ಖರ್ಚು ಮಾಡೋದು ದಂಡ.

ಅಡ್ಡಗೋಡೆ ಕೆಲಸ ಜಾಸ್ತಿ, ಸಂಪ್ ಖಾಲಿ ಮಾಡ್ಬೇಕು. ಆದ್ರೆ ಸುಳಿಯ ಮೂಲ ಅಲ್ಲೇ ಇತ್ತು, ಕೆರೆ ಪೈಪ್ ಒಂದು ಮೂಲೇಲಿ ಬೀಳ್ತಿದ್ರಿಂದ ಇಡೀ ಸಂಪಿನ ನೀರೇ ತಿರುಗ್ತಿತ್ತು. ನಡುವೆ ಇಟ್ಟಿಗೆ ಗೋಡೆ ಎತ್ತಿ ಕೆಳಗೆ ಸಾಲಾಗಿ ಕಿಂಡಿ ಬಿಟ್ವಿ, ಬೀಳೋ ಪೈಪಿಗೆ ಬೆಂಡ್ ಹಾಕಿ ಬಾಯಿ ನೀರೊಳಗೆ ಮುಳುಗಿಸಿದ್ವಿ. ಗುಳ್ಳೆ ಆ ಕಡೆನೇ ಮೇಲೆದ್ದು ಹೋಗುತ್ತೆ, ಈ ಕಡೆ ನೀರು ನಿಧಾನಕ್ಕೆ ಬರುತ್ತೆ. ಕಿಂಡಿ ಚಿಕ್ಕದು ಮಾಡ್ಬೇಡಿ, ನಾವು ಮೊದ್ಲು ಹಾಗೆ ಮಾಡಿ ನೀರು ಚಿಮ್ಮಿ ಬಂದು ಹೊಸ ಸುಳಿ ಎದ್ದಿತ್ತು, ಒಡೆದು ಅಗಲ ಮಾಡಿದ್ಮೇಲೆ ಸರಿಹೋಯ್ತು.

ಈಗ ಗೋಡೆ, 6 ಇಂಚಿನ ಫುಟ್‌ವಾಲ್ವ್ ಎರಡೂ ಇದೆ. ಒಂದೇ ಮಾಡೋಕಾಗೋದು ಅಂದ್ರೆ ಕೆರೆ ಪೈಪಿನ ವಾಲ್ವ್ ಮುಚ್ಚಿ ನೋಡಿ, ಶಬ್ದ ಪೂರ್ತಿ ನಿಂತ್ರೆ ಗೋಡೆ, ನಿಲ್ಲದಿದ್ರೆ ಮೊದ್ಲು ಫುಟ್‌ವಾಲ್ವ್. ಜಾಲರಿಯಿಂದ 40 ಸೆಂಟಿಮೀಟರ್ ಮೇಲೆ ಗೋಡೆಗೆ ಕೆಂಪು ಬಣ್ಣದ ಗೆರೆ ಎಳೆದಿದೀವಿ, ನೀರು ಅಲ್ಲಿಗೆ ಬಂದ್ರೆ ಮೋಟರ್ ಆಫ್.